ಇ-ಇಂಕ್ ಮಾನಿಟರ್: ಓದಿಗೆ ಹೊಂದಿಸುವ ಬಗೆ

ಇ-ಇಂಕ್ ಪರದೆಯ ಮೇಲೆ ಪುಟ ತಿರುಗಿಸಿದ ಮೇಲೂ ಹಿಂದಿನ ಪುಟದ ಅಕ್ಷರಗಳು ಮಸುಕಾಗಿ ಉಳಿಯುತ್ತವೆ. ಇದಕ್ಕೆ ಘೋಸ್ಟಿಂಗ್ ಎನ್ನುತ್ತಾರೆ. ಹೊಸ ಮಾನಿಟರ್ ಕೊಂಡವರು ಪರದೆಯೇ ಕೆಟ್ಟಿದೆ ಎಂದು ಗಾಬರಿಯಾಗುವುದುಂಟು. ಕೆಟ್ಟಿರುವುದಿಲ್ಲ. ಪರದೆಯೊಳಗಿನ ಸೂಕ್ಷ್ಮ ಗುಳಿಗೆಗಳಲ್ಲಿ ಕಪ್ಪು, ಬಿಳಿ ಕಣಗಳು ತೇಲುತ್ತಿರುತ್ತವೆ. ವಿದ್ಯುತ್ ಒತ್ತಡ ಅವನ್ನು ಮೇಲೆ ಕೆಳಗೆ ಸರಿಸುತ್ತದೆ. ಪೂರ್ತಿ ಸರಿಯದೆ ಅರ್ಧದಲ್ಲೇ ನಿಂತ ಕಣಗಳೇ ಆ ನೆರಳು.

ವೇಗದ ಮೋಡ್‌ನಲ್ಲಿ ಕಣಗಳಿಗೆ ಸರಿಯಲು ಸಮಯ ಸಾಲದು. ಬೂದು ಛಾಯೆಗಳೂ ಬಹುಪಾಲು ಹೋಗಿ ಅಕ್ಷರದ ಅಂಚು ಒರಟಾಗುತ್ತದೆ. ಟೈಪ್ ಮಾಡಲು ಅದು ಸಾಕು, ಓದಲು ಬೇಡ. ಓದುವಾಗ ಟೆಕ್ಸ್ಟ್ ಅಥವಾ ರೀಡ್ ಎಂಬ ಹೆಸರಿನ ನಿಧಾನದ ಮೋಡ್ ಇಡಿ. ಪುಟ ಕೊಂಚ ತಡವಾಗಿ ಬಂದರೂ ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತವೆ.

ನನ್ನ ಮಟ್ಟಿಗೆ ಮೋಡ್‌ಗಿಂತ ದೊಡ್ಡ ಶತ್ರು ಸ್ಕ್ರಾಲಿಂಗ್. ಮೌಸ್ ಚಕ್ರ ಒಮ್ಮೆ ತಿರುಗಿಸಿದರೆ ಪರದೆ ಹತ್ತಾರು ಬಾರಿ ಬದಲಾಗಿ, ಪ್ರತಿ ಬದಲಾವಣೆಯೂ ಒಂದಿಷ್ಟು ನೆರಳು ಬಿಡುತ್ತದೆ. ಬದಲಿಗೆ Page Down ಒತ್ತಿ. ಫೈರ್‌ಫಾಕ್ಸ್‌ನಲ್ಲಿ about:config ತೆರೆದು general.smoothScroll ಅನ್ನು false ಮಾಡಿದರೆ ಪುಟ ಒಂದೇ ನೆಗೆತಕ್ಕೆ ಬದಲಾಗುತ್ತದೆ. ಕಂಪ್ಯೂಟರಿನ ಅನಿಮೇಷನ್‌ಗಳನ್ನೂ ಆರಿಸಿಬಿಡಿ.

ಇಷ್ಟಾದರೂ ನೆರಳು ಕೂಡುತ್ತದೆ. ಆಗ ರಿಫ್ರೆಶ್ ಗುಂಡಿ ಒತ್ತಿ. ಪರದೆ ಒಮ್ಮೆ ಕಪ್ಪು ಬಿಳಿಯಾಗಿ ಮಿನುಗಿ ಶುಚಿಯಾಗುತ್ತದೆ. ಪ್ರತಿ ಪುಟಕ್ಕೂ ಇದು ಬೇಡ, ಮಿನುಗು ಓದಿನ ಲಯ ಕೆಡಿಸುತ್ತದೆ. ಸಾಲುಗಳ ನಡುವಿನ ಬಿಳಿ ಜಾಗದಲ್ಲಿ ಹಳೆಯ ಅಕ್ಷರ ಓದುವಷ್ಟು ಕಂಡಾಗ ಮಾತ್ರ ಒತ್ತಿ.