ಹಳೆಯ ಗ್ರಾಹಕರಿಗೆ ಹೊಸ ದರ

ಬೆಂಗಳೂರಿನ ಫ್ರೀಲಾನ್ಸ್ ಅನುವಾದಕಿಯೊಬ್ಬರು ಒಂದೇ ಕಂಪನಿಗೆ ಮೂರು ವರ್ಷಗಳಿಂದ ಪದಕ್ಕೆ 1.50 ರೂಪಾಯಿಯಂತೆ ದುಡಿಯುತ್ತಿದ್ದಾರೆ ಎಂದುಕೊಳ್ಳೋಣ. ತಿಂಗಳಿಗೆ 20,000 ಪದ, 30,000 ರೂಪಾಯಿ. ಈಗ ಅವರಿಗೆ 1.80 ಬೇಕು.

ಇದನ್ನು ಕೇಳಲು ಮಾರ್ಚ್ ಕೊನೆಯವರೆಗೆ ಕಾಯಬಾರದು. ಬಹಳಷ್ಟು ಕಂಪನಿಗಳ ಬಜೆಟ್ ಏಪ್ರಿಲ್‌ನಿಂದ ಶುರುವಾಗುತ್ತದೆ, ಅದರ ಲೆಕ್ಕಾಚಾರ ಅದಕ್ಕೂ ಮೊದಲೇ ಮುಗಿದಿರುತ್ತದೆ. ಹಾಗಾಗಿ ಜನವರಿ ಕೊನೆಯಲ್ಲೇ ಪತ್ರ ಹೋದರೆ ಅವರಿಗೂ ಎರಡು ತಿಂಗಳ ಅವಕಾಶ.

ಪತ್ರ ನಾಲ್ಕೈದು ಸಾಲು ಸಾಕು: "ಏಪ್ರಿಲ್ 1ರಿಂದ ನನ್ನ ದರ ಪದಕ್ಕೆ 1.80 ರೂಪಾಯಿ. ಮಾರ್ಚ್ 31ರೊಳಗೆ ಒಪ್ಪಿಕೊಂಡ ಕೆಲಸಕ್ಕೆ ಹಳೆಯ ದರವೇ ಇರುತ್ತದೆ. ಮೂರು ವರ್ಷಗಳಲ್ಲಿ ಎರಡನೇ ಸುತ್ತಿನ ತಿದ್ದುಪಡಿಯೂ ಕೆಲಸಕ್ಕೆ ಸೇರಿಕೊಂಡಿದೆ." ಮನೆ ಬಾಡಿಗೆ, ಮಕ್ಕಳ ಫೀಸು ಇಲ್ಲಿ ಬರಬಾರದು. ಗ್ರಾಹಕರು ಹಣ ಕೊಡುವುದು ಕೆಲಸಕ್ಕೆ. ಕ್ಷಮೆ ಕೇಳುವ ಧಾಟಿಯಂತೂ ಚೌಕಾಸಿಗೆ ತಾನೇ ಬಾಗಿಲು ತೆರೆದಂತೆ.

"ಅಷ್ಟಾಗಲ್ಲ ಮೇಡಂ" ಎಂಬ ಉತ್ತರವೂ ಬರಬಹುದು. ಆಗ ದರದ ಬದಲು ಕೆಲಸವನ್ನು ಕಡಿಮೆ ಮಾಡುವುದು ಜಾಣತನ: 1.50ಕ್ಕೆ ಅನುವಾದ ಮಾತ್ರ, ಎರಡನೇ ತಿದ್ದುಪಡಿ ಇಲ್ಲ. ಅದೂ ಆಗದಿದ್ದರೆ ಆ ಗ್ರಾಹಕರನ್ನು ಬಿಡುವ ಧೈರ್ಯ ಬೇಕು. ತಿಂಗಳ ಆದಾಯವೆಲ್ಲ ಅವರೊಬ್ಬರಿಂದಲೇ ಬರುತ್ತಿದ್ದರೆ ಮೊದಲು ಇನ್ನೊಬ್ಬರನ್ನು ಹುಡುಕಿಕೊಂಡು ಆಮೇಲೆ ಪತ್ರ ಬರೆಯುವುದು ಕ್ಷೇಮ.

ಒಪ್ಪಿದರೂ ಫೋನಿನ "ಸರಿ" ಸಾಲದು. ಒಪ್ಪಿಗೆ ಇಮೇಲ್‌ನಲ್ಲಿರಲಿ, ಪರ್ಚೇಸ್ ಆರ್ಡರ್‌ನಲ್ಲೂ ದರ ಬದಲಾಗಲಿ. ಅಲ್ಲಿ 1.50 ಎಂದೇ ಉಳಿದಿದ್ದರೆ ಏಪ್ರಿಲ್‌ನ 36,000 ರೂಪಾಯಿ ಬಿಲ್ಲು ಅಕೌಂಟ್ಸ್ ವಿಭಾಗದಿಂದ ವಾಪಸ್ ಬರಬಹುದು.