ಸ್ಲೈಡುಗಳ ಸಾರಾಂಶದ ಮೇಲ್ ಹೀಗೆ ಬರೀರಿ

ಡಿಬಿಎಂಎಸ್ ಕ್ಲಾಸಿನ ನಾರ್ಮಲೈಸೇಶನ್ ಸ್ಲೈಡುಗಳ ಸಾರಾಂಶವನ್ನ ಕ್ಲಾಸ್‌ಮೇಟ್ಸ್‌ಗೆ ಕಳಿಸ್ತಿದ್ದೀರಾ? ವಿಷಯವಾರು ಬರೀರಿ, ಸ್ಲೈಡ್ ನಂಬರ್ ಪಕ್ಕದಲ್ಲಿರಲಿ.

"ಏನಾದ್ರೂ ಬಿಟ್ಟಿದ್ರೆ ಸೇರಿಸಿ" ಅಂದ್ರೆ ಯಾರೂ ಸೇರಿಸಲ್ಲ. ಬಿಟ್ಟಿರೋ ಜಾಗವನ್ನೇ ತೋರಿಸಿ ಕೇಳಿ:

"ಬಿಸಿಎನ್‌ಎಫ್: ಸ್ಲೈಡಲ್ಲಿ ವ್ಯಾಖ್ಯೆ ಮಾತ್ರ ಇದೆ. ವಿದ್ಯಾರ್ಥಿ, ಕೋರ್ಸ್, ಮೇಷ್ಟ್ರು ಇರೋ ಟೇಬಲ್ಲನ್ನ ಮೇಡಂ ಬೋರ್ಡ್ ಮೇಲೆ ಒಡೆದು ತೋರಿಸಿದ್ರು. ಒಬ್ಬ ಮೇಷ್ಟ್ರಿಗೆ ಒಂದೇ ಕೋರ್ಸ್, ಆದ್ರೆ ಮೇಷ್ಟ್ರ ಕಾಲಂ ಕೀ ಅಲ್ಲ, ಅದಕ್ಕೇ ಒಡೀಬೇಕು. ಇಷ್ಟು ನನ್ನ ಹತ್ರ ಇದೆ. ಒಡೆದ ಮೇಲೆ ಯಾವ ನಿಯಮ ಕೈತಪ್ಪುತ್ತೆ? ಬರ್ಕೊಂಡವರು ಇದರ ಕೆಳಗೇ ಬರೀರಿ."

ಬಂದ ಉತ್ತರವನ್ನ ಒಮ್ಮೆ ನೋಡಿ. ಒಬ್ಬ ವಿದ್ಯಾರ್ಥಿಗೆ ಒಂದು ಕೋರ್ಸಿಗೆ ಒಬ್ಬರೇ ಮೇಷ್ಟ್ರು ಅನ್ನೋ ನಿಯಮ ಅಲ್ಲಿದ್ರೆ, ಸರಿ, ಸಾರಾಂಶಕ್ಕೆ ಸೇರಿಸಿ.