ಕಾರಣ ಹೋದರೂ ಕೈಬಿಡದ ಷೇರು

2018ರ ಆಗಸ್ಟ್‌ನಲ್ಲಿ ಯೆಸ್ ಬ್ಯಾಂಕಿನ ಒಂದು ಷೇರಿಗೆ 400 ರೂಪಾಯಿ ಇತ್ತು. 2020ರ ಮಾರ್ಚ್ 6ರಂದು ಪೇಟೆ ಮುಚ್ಚುವ ಹೊತ್ತಿಗೆ ಅದೇ ಷೇರು 16 ರೂಪಾಯಿಗೆ ಬಂದು ನಿಂತಿತ್ತು. ಇದು ಒಂದೇ ರಾತ್ರಿಯ ಕುಸಿತವಲ್ಲ. ನಡುವೆ ಹದಿನೆಂಟು ತಿಂಗಳಿಗೂ ಹೆಚ್ಚು ಸಮಯವಿತ್ತು, ಹೊರಬರಲು ಬೇಕಾದಷ್ಟು ಬಾಗಿಲುಗಳಿದ್ದವು. ದೊಡ್ಡ ಸಂಸ್ಥೆಗಳು ಒಂದೊಂದಾಗಿ ಹೊರಬಿದ್ದವು. ಆದರೆ ಬೆಲೆ ಇಳಿದಷ್ಟೂ ಸಣ್ಣ ಹೂಡಿಕೆದಾರರ ಸಂಖ್ಯೆ ಏರುತ್ತಲೇ ಹೋಯಿತು. ಹೊಸಬರು ಬಂದರು, ಹಳಬರು ಇನ್ನಷ್ಟು ಕೊಂಡರು. ಅವರನ್ನೆಲ್ಲ ದುರಾಸೆಯವರು ಎಂದು ತಳ್ಳಿಹಾಕುವುದು ಅನ್ಯಾಯ. ನಿವೃತ್ತಿಯ ಹಣ ಹಾಕಿದ್ದವರು, ಬ್ಯಾಂಕ್ ಎಂದರೆ ಭದ್ರ ಎಂದು ನಂಬಿದ್ದವರು ಅವರಲ್ಲಿದ್ದರು. ಅವರಿಗೆ ಏನಾಯಿತು ಎನ್ನುವುದನ್ನು ನಿಧಾನವಾಗಿ ನೋಡಬೇಕು.

ಈ ಬ್ಯಾಂಕಿನ ಷೇರು ಕೊಂಡವರನ್ನು ಆಗ ಕೇಳಿದ್ದರೆ ಸಾಮಾನ್ಯವಾಗಿ ಮೂರು ಕಾರಣ ಸಿಗುತ್ತಿದ್ದವು: ಸಾಲ ಕೊಡುವ ವೇಗ ಬೇರೆ ಬ್ಯಾಂಕುಗಳಿಗಿಂತ ಹೆಚ್ಚು, ವಸೂಲಾಗದ ಸಾಲ ಬಹಳ ಕಡಿಮೆ, ಸ್ಥಾಪಕ ರಾಣಾ ಕಪೂರ್ ಸ್ವತಃ ಚುಕ್ಕಾಣಿ ಹಿಡಿದಿದ್ದಾರೆ. ಮೂರೂ ಒಳ್ಳೆಯ ಕಾರಣಗಳೇ. ಹಾಗಾದರೆ ಅವು ಎಂದು ಸತ್ತವು?

ಎರಡನೆಯದು ಎಲ್ಲಕ್ಕಿಂತ ಮೊದಲು ಹೋಯಿತು. 2016ರ ಮಾರ್ಚ್ ಅಂತ್ಯಕ್ಕೆ ತನ್ನ ವಸೂಲಾಗದ ಸಾಲ 749 ಕೋಟಿ ಎಂದು ಬ್ಯಾಂಕ್ ಲೆಕ್ಕ ತೋರಿಸಿತ್ತು. ರಿಸರ್ವ್ ಬ್ಯಾಂಕ್ ತಪಾಸಣೆ ಮಾಡಿದಾಗ ಅದು 4,926 ಕೋಟಿ ಎಂದಾಯಿತು. ಮರುವರ್ಷದ ಲೆಕ್ಕದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದಾಗಿ, 6,355 ಕೋಟಿ ಮುಟ್ಟಿತು. ಈ ಎರಡೂ ಸಂಗತಿ 2017ರಲ್ಲೇ ಬಹಿರಂಗವಾಗಿದ್ದವು, ಪತ್ರಿಕೆಗಳಲ್ಲಿ ಬಂದಿದ್ದವು. ಅದರಲ್ಲಿ ಬಹುಪಾಲು ಆಗಲೇ ಇತ್ಯರ್ಥವಾಗಿದೆ ಎಂದು ಬ್ಯಾಂಕ್ ಸಮಜಾಯಿಷಿ ಕೊಟ್ಟಿತು. ಷೇರಿನ ಬೆಲೆ ಮುಂದಿನ ವರ್ಷ ಏರಿ, ತನ್ನ ಇತಿಹಾಸದಲ್ಲೇ ಅತಿ ಎತ್ತರಕ್ಕೆ ಹೋಯಿತು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ಕೊಂಡ ಕಾರಣ ಸತ್ತಿದೆಯೇ ಎಂದು ಬೆಲೆಯನ್ನು ನೋಡಿ ತಿಳಿಯಲು ಬರುವುದಿಲ್ಲ. ಕಾರಣ ಸತ್ತ ಮೇಲೂ ಬೆಲೆ ಒಂದು ವರ್ಷ ಏರಬಹುದು. ಆ ಏರಿಕೆಯೇ 'ನಾನು ಸರಿ' ಎನ್ನುವುದಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ.

ಮೂರನೆಯ ಕಾರಣ ಹೋದದ್ದು 2018ರ ಸೆಪ್ಟೆಂಬರ್‌ನಲ್ಲಿ. ಕಪೂರ್ ಅವರ ಅವಧಿ 2019ರ ಜನವರಿ 31ಕ್ಕೆ ಮುಗಿಯಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿತು. ಸುದ್ದಿ ಬಂದ ಮೇಲೆ ಒಂದೇ ದಿನದಲ್ಲಿ ಷೇರು ಸುಮಾರು ಶೇ 29 ಬಿದ್ದು 220-230ರ ಆಸುಪಾಸಿಗೆ ಬಂತು. ವಾರದೊಳಗೆ ಕಪೂರ್ ಟ್ವಿಟರ್‌ನಲ್ಲಿ ತಮ್ಮ ಷೇರುಗಳನ್ನು ವಜ್ರಕ್ಕೆ ಹೋಲಿಸಿದರು. ಅವನ್ನು ಹೆಣ್ಣುಮಕ್ಕಳಿಗೆ ಬಿಟ್ಟುಹೋಗುವುದಾಗಿಯೂ, ಒಂದನ್ನೂ ಮಾರಬಾರದೆಂದು ಉಯಿಲಿನಲ್ಲಿ ಕೇಳಿಕೊಳ್ಳುವುದಾಗಿಯೂ ಬರೆದರು. ಷೇರು ಹಿಡಿದು ಕೂತಿದ್ದವರಿಗೆ ಈ ಮಾತು ಎಷ್ಟು ಹಿತವಾಗಿ ಕೇಳಿಸಿರಬೇಕು! 2019ರ ನವೆಂಬರ್ ಹೊತ್ತಿಗೆ ಅವರ ಮತ್ತು ಅವರ ಸಂಸ್ಥೆಗಳ ಪಾಲು ಹೆಚ್ಚುಕಡಿಮೆ ಪೂರ್ತಿ ಮಾರಾಟವಾಗಿತ್ತು.

ಮೊದಲ ಕಾರಣವಾದ ಬೆಳವಣಿಗೆ, 2019ರ ಏಪ್ರಿಲ್ 26ರಂದು ಮುಗಿಯಿತು. ಅಂದು ಬ್ಯಾಂಕ್ ತನ್ನ ಇತಿಹಾಸದ ಮೊದಲ ತ್ರೈಮಾಸಿಕ ನಷ್ಟವನ್ನು ಪ್ರಕಟಿಸಿತು: 1,507 ಕೋಟಿ. ಅಲ್ಲಿಗೆ ಮೂರೂ ಕಾರಣ ಹೋದವು. ಷೇರು ಮಾತ್ರ ಡಿಮ್ಯಾಟ್ ಖಾತೆಯಲ್ಲಿ ಉಳಿದಿತ್ತು.

ಈಗ ಒಬ್ಬ ಹೂಡಿಕೆದಾರರನ್ನು ಊಹಿಸಿಕೊಳ್ಳೋಣ. ನಿವೃತ್ತ ಮೇಷ್ಟ್ರು ಎಂದಿಟ್ಟುಕೊಳ್ಳಿ. 350 ರೂಪಾಯಿಯಂತೆ 100 ಷೇರು ಕೊಂಡರು, 35,000 ಹಾಕಿದರು. ಬೆಲೆ 220ಕ್ಕೆ ಬಿದ್ದಾಗ ಮಾರಿದ್ದರೆ 22,000 ಕೈಗೆ ಬರುತ್ತಿತ್ತು, ಹೋಗುತ್ತಿದ್ದದ್ದು 13,000. ಆದರೆ ಮಾರುವುದೆಂದರೆ ಆ ಹದಿಮೂರು ಸಾವಿರ ಹೋಯಿತೆಂದು ತಾವೇ ಸಹಿ ಹಾಕಿದಂತೆ. ಮಾರದಿದ್ದರೆ ಅದು ಇನ್ನೂ ಹೋಗಿಲ್ಲ, 'ಪೇಪರ್ ಲಾಸ್' ಅಷ್ಟೇ. ಹಾಗಾಗಿ ಅವರು 'ಆವರೇಜ್' ಮಾಡಿದರು: 220ರಲ್ಲಿ ಇನ್ನು 100 ಷೇರು, 22,000. ಆ್ಯಪ್‌ನಲ್ಲಿ ಸರಾಸರಿ ಬೆಲೆ 350ರಿಂದ 285ಕ್ಕೆ ಇಳಿಯಿತು. ಮರುವರ್ಷ ಬೆಲೆ 90ಕ್ಕೆ ಬಂದಾಗ ಇನ್ನು 200 ಷೇರು, 18,000. ಈಗ ಸರಾಸರಿ 187.50. ಅಂಕಿ ಇಳಿದದ್ದನ್ನು ನೋಡಿ ಮನಸ್ಸಿಗೆ ಸಮಾಧಾನ, ಅಸಲು ಹತ್ತಿರ ಬಂದಂತೆ. ನಿಜವಾಗಿ ನಡೆದದ್ದು ಬೇರೆಯೇ. 35,000 ಇದ್ದ ಪಣ 75,000ಕ್ಕೆ ಏರಿತ್ತು, ಅದೂ ಕೊಳ್ಳಲು ಇದ್ದ ಕಾರಣಗಳು ಒಂದೊಂದಾಗಿ ಹೋಗುತ್ತಿದ್ದಾಗ. ಷೇರು 16ಕ್ಕೆ ಬಂದ ದಿನ ಅವರ 400 ಷೇರಿನ ಬೆಲೆ 6,400. ಹದಿಮೂರು ಸಾವಿರದ ನಷ್ಟವನ್ನು ಒಪ್ಪಿಕೊಳ್ಳಲಾಗದೆ ಅವರು ಅರವತ್ತೆಂಟು ಸಾವಿರಕ್ಕೂ ಹೆಚ್ಚು ಕಳೆದುಕೊಂಡರು.

ಇದನ್ನೇ ಅರ್ಥಶಾಸ್ತ್ರದವರು ಮುಳುಗಿದ ವೆಚ್ಚದ ಭ್ರಮೆ ಎನ್ನುತ್ತಾರೆ. ಮರಳಿ ಬಾರದ ಹಣವನ್ನು ಮುಂದಿನ ತೀರ್ಮಾನದೊಳಗೆ ಸೇರಿಸಿಕೊಳ್ಳುವುದು. ಮೇಷ್ಟ್ರು 350 ಕೊಟ್ಟಿದ್ದರು ಎನ್ನುವುದು ಬ್ಯಾಂಕಿಗೆ ಗೊತ್ತಿಲ್ಲ, ಪೇಟೆಗೆ ಗೊತ್ತಿಲ್ಲ. ಷೇರು ಮುಂದೆ ಏನಾಗುತ್ತದೆ ಎನ್ನುವುದಕ್ಕೂ ಆ ಅಂಕಿಗೂ ಯಾವ ಸಂಬಂಧವೂ ಇಲ್ಲ. ಇದು ನಮ್ಮೂರಿನ ರೋಗವಷ್ಟೇ ಅಲ್ಲ. ಅಮೆರಿಕದ ಟೆರೆನ್ಸ್ ಓಡೀನ್ 1998ರಲ್ಲಿ ಒಂದು ಬ್ರೋಕರೇಜ್ ಸಂಸ್ಥೆಯ 10,000 ಖಾತೆಗಳ ವ್ಯವಹಾರವನ್ನು ಪರಿಶೀಲಿಸಿ ಪ್ರಬಂಧ ಪ್ರಕಟಿಸಿದರು. ಜನ ಲಾಭದಲ್ಲಿರುವ ಷೇರುಗಳನ್ನು ಬೇಗ ಮಾರುತ್ತಾರೆ, ನಷ್ಟದಲ್ಲಿರುವುದನ್ನು ಹಿಡಿದುಕೊಳ್ಳುತ್ತಾರೆ ಎಂದು ಅಲ್ಲಿ ಕಂಡಿತು. ಮಾರಿದ ಷೇರುಗಳು ಮುಂದಿನ ಒಂದು ವರ್ಷದಲ್ಲಿ, ಹಿಡಿದಿಟ್ಟುಕೊಂಡ ನಷ್ಟದ ಷೇರುಗಳಿಗಿಂತ ಸರಾಸರಿ ಶೇ 3.4ರಷ್ಟು ಹೆಚ್ಚು ಗಳಿಸಿದ್ದವು.

ಆದರೆ ಹಾಕಿದ ಹಣದ ಮೋಹ ಒಂದೇ ಇಷ್ಟು ದೂರ ಎಳೆದೊಯ್ಯಲಾರದು. ಹಿಡಿದು ಕೂರಲು ದಿನನಿತ್ಯ ಧೈರ್ಯ ಬೇಕು. ಅದನ್ನು ಸುದ್ದಿಗಳಿಂದ ಆರಿಸಿ ಆರಿಸಿ ತುಂಬಿಕೊಳ್ಳುತ್ತೇವೆ. 2019ರ ಫೆಬ್ರುವರಿ 13ರ ಸಂಜೆ ಬ್ಯಾಂಕ್ ಒಂದು ಪ್ರಕಟಣೆ ಕೊಟ್ಟಿತು: 2017-18ರ ಲೆಕ್ಕದಲ್ಲಿ ರಿಸರ್ವ್ ಬ್ಯಾಂಕಿಗೆ ಯಾವ ವ್ಯತ್ಯಾಸವೂ ಸಿಕ್ಕಿಲ್ಲ. ಮರುದಿನ ಷೇರು ಸುಮಾರು ಶೇ 30 ಜಿಗಿಯಿತು. ಕಾದು ಕೂತಿದ್ದವರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿತ್ತೇ? ಎರಡನೆಯ ದಿನವೇ ಇನ್ನೊಂದು ವಿಷಯ ಹೊರಬಂತು. ಆ ವರದಿ ಗೋಪ್ಯವೆಂದು ಗುರುತಿಸಿದ್ದು, ಅದರ ಒಂದು ಭಾಗವನ್ನು ಹೀಗೆ ಪ್ರಕಟಿಸಿದ್ದು ತಪ್ಪು, ವರದಿಯಲ್ಲಿ ಬೇರೆ ಹಲವು ಲೋಪಗಳನ್ನೂ ನಿಯಮ ಉಲ್ಲಂಘನೆಗಳನ್ನೂ ಗುರುತಿಸಲಾಗಿದೆ ಎಂದು ರಿಸರ್ವ್ ಬ್ಯಾಂಕ್ ಪತ್ರ ಬರೆದಿತ್ತು. ಮೊದಲ ಸುದ್ದಿಯನ್ನು ನೆನಪಿಟ್ಟುಕೊಂಡು ಎರಡನೆಯದನ್ನು 'ತಾಂತ್ರಿಕ ವಿಷಯ' ಎಂದು ಪಕ್ಕಕ್ಕಿಡುವುದು ಎಷ್ಟು ಸುಲಭ! ಸಮರ್ಥನೆಯನ್ನು ಮಾತ್ರ ಹುಡುಕುವ ಈ ಪಕ್ಷಪಾತಕ್ಕೆ ಸುಳ್ಳು ಸುದ್ದಿಯೇ ಬೇಕಿಲ್ಲ. ನಿಜದಲ್ಲಿ ಅರ್ಧ ಸಿಕ್ಕಿದರೂ ಸಾಕು.

ಓದಿಕೊಂಡವರು ಇದರಿಂದ ಪಾರಾಗುತ್ತಾರೆ ಎನ್ನುವಂತೆಯೂ ಇಲ್ಲ. 1979ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಗಲ್ಲುಶಿಕ್ಷೆಯ ಪರ ಇದ್ದ ಮತ್ತು ವಿರುದ್ಧ ಇದ್ದ ವಿದ್ಯಾರ್ಥಿಗಳಿಗೆ ಒಂದೇ ಜೊತೆ ಅಧ್ಯಯನಗಳನ್ನು ಓದಲು ಕೊಟ್ಟರು. ಒಂದು ಪರ, ಇನ್ನೊಂದು ವಿರುದ್ಧ. ಓದಿ ಮುಗಿಸಿದ ಮೇಲೆ ಎರಡೂ ಗುಂಪು ತಮ್ಮ ತಮ್ಮ ನಿಲುವಿನಲ್ಲಿ ಇನ್ನಷ್ಟು ಗಟ್ಟಿಯಾಗಿದ್ದವು. ತಮಗೆ ಒಪ್ಪದ ಅಧ್ಯಯನದಲ್ಲಿ ಮಾತ್ರ ತಪ್ಪುಗಳನ್ನು ಹುಡುಕಿ ತೆಗೆದಿದ್ದರು.

ಹೀಗೆ ಸಿಕ್ಕಿಬಿದ್ದಿದ್ದೇವೆ ಎಂದು ತಿಳಿಯಲು ನಂಬಬಹುದಾದ ಗುರುತು ಒಂದಿದೆ: ಷೇರು ಅದೇ, ಹಿಡಿದಿರುವ ಕಾರಣ ಮಾತ್ರ ಬದಲಾಗುತ್ತಿರುತ್ತದೆ. ಯೆಸ್ ಬ್ಯಾಂಕಿನಲ್ಲಿ ಮೊದಲು 'ವೇಗವಾಗಿ ಬೆಳೆಯುವ ಬ್ಯಾಂಕ್' ಎಂದಿತ್ತು. ಆಮೇಲೆ 'ಇಷ್ಟು ಅಗ್ಗಕ್ಕೆ ಇನ್ನೆಲ್ಲಿ ಸಿಗುತ್ತದೆ' ಎಂದಾಯಿತು. ಹೊಸ ಮುಖ್ಯಸ್ಥರು ಬಂದಾಗ 'ಈಗ ಶುದ್ಧವಾಗುತ್ತದೆ', 2019ರ ಅಕ್ಟೋಬರ್ ಕೊನೆಗೆ 120 ಕೋಟಿ ಡಾಲರ್ ಹೂಡಿಕೆಯ ಪ್ರಸ್ತಾಪ ಬಂದಿದೆ ಎಂದು ಬ್ಯಾಂಕ್ ಹೇಳಿದಾಗ 'ವಿದೇಶದವರು ಬರುತ್ತಾರೆ', ಅದೂ ಕೈಗೂಡದಿದ್ದಾಗ 'ಸರ್ಕಾರ ಮುಳುಗಲು ಬಿಡುತ್ತದೆಯೇ?' ಕೊನೆಯ ಊಹೆ ನಿಜವೇ ಆಯಿತು. 2020ರ ಮಾರ್ಚ್ 5ರಂದು ನಿರ್ಬಂಧ ಹೇರಿ, ಸ್ಟೇಟ್ ಬ್ಯಾಂಕ್ ಮುಂದಾಳತ್ವದಲ್ಲಿ ಯೆಸ್ ಬ್ಯಾಂಕನ್ನು ಉಳಿಸಲಾಯಿತು. ಠೇವಣಿದಾರರ ಹಣ ಉಳಿಯಿತು. ಆದರೆ ಬ್ಯಾಂಕ್ ಉಳಿಯುವುದು ಬೇರೆ, ಷೇರುದಾರರ ಹಣ ಉಳಿಯುವುದು ಬೇರೆ. ಹೊಸ ಹೂಡಿಕೆದಾರರಿಗೆ ಷೇರು ಕೊಟ್ಟದ್ದು ತಲಾ 10 ರೂಪಾಯಿಗೆ. ನೂರು ಅಥವಾ ಅದಕ್ಕಿಂತ ಹೆಚ್ಚು ಷೇರು ಇದ್ದ ಹಳಬರ ಶೇ 75ರಷ್ಟು ಷೇರನ್ನು ಮೂರು ವರ್ಷ ಮಾರದಂತೆ ಕಟ್ಟಿಹಾಕಲಾಯಿತು. ನಮ್ಮ ಮೇಷ್ಟ್ರ 400ರಲ್ಲಿ 300 ಸಿಕ್ಕಿಬಿದ್ದವು. ಕೆಲವೇ ದಿನಗಳಲ್ಲಿ ಬೆಲೆ 60ರ ಆಸುಪಾಸಿಗೆ ಏರಿದಾಗ ಅವರು ಮಾರಬಹುದಾಗಿದ್ದದ್ದು 100 ಷೇರು ಮಾತ್ರ. 2023ರ ಮಾರ್ಚ್‌ನಲ್ಲಿ ಕಟ್ಟು ಬಿಚ್ಚಿದಾಗ ಬೆಲೆ ಹದಿನೈದರ ಸುತ್ತಮುತ್ತ ಇತ್ತು.

ಬಿದ್ದ ಷೇರನ್ನೆಲ್ಲ ಮಾರಿಬಿಡಿ ಎಂದು ಇದರ ಅರ್ಥವಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಭಯಕ್ಕೆ ಇಡೀ ಪೇಟೆಯೇ ಕುಸಿಯಿತು. ಆಗ ಬಿದ್ದ ಎಷ್ಟೋ ಕಂಪನಿಗಳನ್ನು ಕೊಂಡ ಕಾರಣ ಒಂದಿಷ್ಟೂ ಅಲುಗಾಡಿರಲಿಲ್ಲ. ಹೆದರಿ ಮಾರಿದವರೇ ಅಲ್ಲಿ ಸೋತರು. ಬೆಲೆ ಬಿದ್ದದ್ದಕ್ಕೂ ಕಾರಣ ಬಿದ್ದದ್ದಕ್ಕೂ ಇರುವ ವ್ಯತ್ಯಾಸ ಗೊತ್ತಾಗಬೇಕಾದರೆ, ಕಾರಣವನ್ನು ಕೊಳ್ಳುವ ದಿನವೇ ಬರೆದಿಟ್ಟಿರಬೇಕು. ತಾರೀಖು ಹಾಕಿ ಎರಡು ಸಾಲು: ಏಕೆ ಕೊಳ್ಳುತ್ತಿದ್ದೇನೆ, ಏನಾದರೆ ಈ ಕಾರಣ ಸುಳ್ಳಾದಂತೆ. 'ಒಳ್ಳೆಯ ಬ್ಯಾಂಕ್' ಎಂದು ಬರೆದರೆ ಪ್ರಯೋಜನವಿಲ್ಲ, ಅದನ್ನು ಯಾವ ಸುದ್ದಿಯೂ ಸುಳ್ಳು ಮಾಡಲಾರದು. 'ವಸೂಲಾಗದ ಸಾಲ ಕಡಿಮೆ. ರಿಸರ್ವ್ ಬ್ಯಾಂಕಿನ ಲೆಕ್ಕ ಬೇರೆ ಬಂದರೆ ಮಾರುತ್ತೇನೆ' ಎಂದು ಬರೆದಿದ್ದವರಿಗೆ 2017ರಲ್ಲೇ ಉತ್ತರ ಸಿಗುತ್ತಿತ್ತು. ಬರೆದಿಡದವರು ಬೇರೆ ದಾರಿಯಲ್ಲಿ ಪರೀಕ್ಷಿಸಿಕೊಳ್ಳಬಹುದು: ಈ ಷೇರು ನನ್ನ ಬಳಿ ಇಲ್ಲ, ಇದರ ಇಂದಿನ ಬೆಲೆಯಷ್ಟು ನಗದು ಕೈಯಲ್ಲಿದೆ ಎಂದುಕೊಂಡರೆ, ಈ ಹಣದಲ್ಲಿ ಇಂದು ಇದನ್ನೇ ಕೊಳ್ಳುತ್ತೇನೆಯೇ? ಹೊಸ ಕಾರಣ ಹುಟ್ಟುವುದು ತಪ್ಪೇನಲ್ಲ, ಆದರೆ ಹೊಸದಾಗಿ ಕೊಳ್ಳುವಷ್ಟು ಗಟ್ಟಿಯಾಗಿರಬೇಕು. 'ಅಸಲು ಬಂದ ಮೇಲೆ ಮಾರುತ್ತೇನೆ' ಎನ್ನುವುದು ಆ ಪರೀಕ್ಷೆಯಲ್ಲಿ ಗೆಲ್ಲದು, ಏಕೆಂದರೆ ಷೇರು ಇಲ್ಲದವನಿಗೆ ಅಸಲೆಂಬುದೇ ಇಲ್ಲ.

ಮಾರಿದರೆ ಹೋದ ಹಣದಿಂದ ಒಂದು ಉಪಯೋಗವಂತೂ ಉಂಟು. ಷೇರು ಮಾರಿ ಆದ ನಷ್ಟವನ್ನು ಬೇರೆ ಷೇರುಗಳ ಲಾಭದಲ್ಲಿ ಕಳೆದು ತೆರಿಗೆ ಇಳಿಸಿಕೊಳ್ಳಲು ಆದಾಯ ತೆರಿಗೆ ಕಾನೂನು ಅವಕಾಶ ಕೊಡುತ್ತದೆ. ಆ ವರ್ಷ ಕಳೆಯಲು ಲಾಭ ಸಾಲದಿದ್ದರೆ ಉಳಿದ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಅಲ್ಪಾವಧಿಯ ನಷ್ಟವನ್ನು ಎರಡೂ ಬಗೆಯ ಲಾಭಕ್ಕೆ ಹೊಂದಿಸಬಹುದು, ದೀರ್ಘಾವಧಿಯದನ್ನು ದೀರ್ಘಾವಧಿಯ ಲಾಭಕ್ಕೆ ಮಾತ್ರ. ಇದಕ್ಕೆ ಮಾರಾಟ ನಿಜವಾಗಿ ನಡೆದಿರಬೇಕು, 'ಪೇಪರ್ ಲಾಸ್' ಲೆಕ್ಕಕ್ಕೆ ಬರುವುದಿಲ್ಲ. ರಿಟರ್ನ್ ಕೂಡ ಗಡುವಿನೊಳಗೆ ಸಲ್ಲಿಸಿರಬೇಕು. ತಡವಾದರೆ ಮುಂದಕ್ಕೆ ಒಯ್ಯುವ ಹಕ್ಕು ಹೋಗುತ್ತದೆ.